ಮುಂಭಾಗದ ಫೋಟೊ ಬೇಡ, ಅಡಿಭಾಗದ್ದು ಕಳಿಸಿ

ಶಿರಸಿಯಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟುಕೊಂಡಿರುವ ನನಗೆ ವಾಟ್ಸಾಪಿನಲ್ಲಿ ಬರುವ ಫೋಟೊಗಳಲ್ಲಿ ಹೆಚ್ಚಿನವು ಸೆಟ್‌ಟಾಪ್ ಬಾಕ್ಸಿನ ಮುಂಭಾಗದವು. ಕೆಳಗೆ ಒಂದೇ ಸಾಲು: ‘ಇದಕ್ಕೆ ರಿಮೋಟ್ ಸಿಗ್ತದಾ?’ ಕಂಪನಿಯ ಡಿಶ್ ಆದರೆ ಅದೂ ಸಾಕಾಗಬಹುದು. ತಲೆಬಿಸಿ ಇರುವುದು ಡಿಡಿ ಫ್ರೀ ಡಿಶ್ ಬಾಕ್ಸುಗಳದ್ದು. ತಿಂಗಳ ಬಾಡಿಗೆ ಇಲ್ಲವೆಂದು ನಮ್ಮ ಹಳ್ಳಿಗಳಲ್ಲಿ ಬಹಳ ಮನೆಗಳಲ್ಲಿ ಅದೇ ಇದೆ, ಆದರೆ ಆ ಬಾಕ್ಸುಗಳನ್ನು ಮಾಡುವ ಸಣ್ಣಪುಟ್ಟ ಕಂಪನಿಗಳು ಲೆಕ್ಕವಿಲ್ಲದಷ್ಟು. ಒಂದೇ ಅಚ್ಚಿನ ಕವಚದೊಳಗೆ ಬೇರೆ ಬೇರೆ ಬೋರ್ಡು ಕೂತಿರುತ್ತದೆ. ಮುಂಭಾಗದ ಚಿತ್ರ ಹಾಕಿ ಇಂಟರ್ನೆಟ್ಟಿನಲ್ಲಿ ಹುಡುಕಿದರೂ ಸಿಗುವುದು ನೋಡಲು ಹಾಗೇ ಇರುವ ಇನ್ನೊಂದು ಬಾಕ್ಸು.

ಕವಚ ಒಂದೇ ಆದರೆ ರಿಮೋಟ್ ಯಾಕೆ ಆಗುವುದಿಲ್ಲ? ಇಂಥ ರಿಮೋಟುಗಳಲ್ಲಿ ಹೆಚ್ಚಿನವು ಎನ್‌ಇಸಿ ಎಂಬ ಪದ್ಧತಿಯವು. ಬಟನ್ ಒತ್ತಿದಾಗ ಕಣ್ಣಿಗೆ ಕಾಣದ ಬೆಳಕು 38 ಕಿಲೋಹರ್ಟ್ಸ್‌ನಲ್ಲಿ ಮಿಡಿದು, ಮೊದಲು ಬಾಕ್ಸಿನ ವಿಳಾಸವನ್ನೂ ಆಮೇಲೆ ಬಟನ್ನಿನ ಸಂಖ್ಯೆಯನ್ನೂ ಕಳಿಸುತ್ತದೆ. ವಿಳಾಸ ತಪ್ಪಿದರೆ ಬಾಕ್ಸು ಅಲ್ಲಾಡುವುದೇ ಇಲ್ಲ. ವಿಳಾಸ ಸರಿಯಿದ್ದು ಬಟನ್ ಸಂಖ್ಯೆಗಳು ಬೇರೆಯಾದರೆ ಇನ್ನೂ ಪೇಚು: ಚಾನೆಲ್ ಬದಲಾಗುತ್ತದೆ, ಮೆನು ಒತ್ತಿದರೆ ಸೌಂಡ್ ಹೋಗುತ್ತದೆ.

ಹಾಗಾಗಿ ನಾನು ಮೊದಲು ಕೇಳುವುದು ಬಾಕ್ಸಿನ ಅಡಿಯಲ್ಲಿರುವ ಸ್ಟಿಕ್ಕರಿನ ಫೋಟೊ. ಮಾಡೆಲ್ ನಂಬರು, ತಯಾರಿಸಿದವರ ಹೆಸರು ಅಲ್ಲಿರುತ್ತದೆ. ಫ್ಲ್ಯಾಶ್ ಹಾಕಿದರೆ ಸ್ಟಿಕ್ಕರ್ ಹೊಳೆದು ಅಕ್ಷರ ಮಾಯ. ಕಿಟಕಿ ಹತ್ತಿರ ಹಿಡಿದು ತೆಗೆಯಿರಿ, ಮಾಸಿದ್ದರೆ ಪಕ್ಕದಿಂದ ಓರೆಯಾಗಿ ಬ್ಯಾಟರಿ ಬೆಳಕು ಬಿಡಿ ಎನ್ನುತ್ತೇನೆ. ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ಸಣ್ಣ ಅಕ್ಷರ ಒಡೆಯುವುದಿಲ್ಲ. ಎರಡನೆಯದು ಹಿಂಭಾಗದ ಫೋಟೊ. ತೂತುಗಳ ಸಾಲು, ಅವುಗಳ ಕ್ರಮ ನೋಡಿದರೆ ಒಳಗಿನ ಬೋರ್ಡಿನ ಜಾತಿ ಅಂದಾಜಾಗುತ್ತದೆ.

ಹೋದ ಮಳೆಗಾಲದಲ್ಲಿ ಸಿದ್ದಾಪುರ ಕಡೆಯ ಒಬ್ಬ ನಿವೃತ್ತ ಮಾಸ್ತರರ ಮನೆಯಿಂದ ಇದೇ ವಿಚಾರಕ್ಕೆ ಫೋನ್ ಬಂತು. ಜಗಲಿಯಲ್ಲಿದ್ದ ರಿಮೋಟನ್ನು ಮಂಗ ಎತ್ತಿಕೊಂಡು ಹೋಗಿತ್ತು. (ಮಂಗನ ಮೇಲೆ ದೂರು ಹೇಳುವವರು ನಮ್ಮಲ್ಲಿ ಕಡಿಮೆಯೇನಿಲ್ಲ.) ಹಳೆಯ ರಿಮೋಟೇ ಇಲ್ಲದ ಮೇಲೆ ಅದನ್ನು ನೋಡಿ ಕಲಿಯುವ ಲರ್ನಿಂಗ್ ರಿಮೋಟ್ ಕೊಟ್ಟೂ ಉಪಯೋಗವಿಲ್ಲ. ಸ್ಟಿಕ್ಕರಿನಲ್ಲಿ ಕಂಪನಿಯ ಹೆಸರು ಸಿಕ್ಕಿತು, ಮಾಡೆಲ್ ನಂಬರಿನ ಮೇಲೆ ಜಿರಳೆ ತಿಂದ ಗುರುತು. ಆ ಕಂಪನಿಯ ಬಾಕ್ಸಿಗೆ ನನ್ನಲ್ಲಿ ಎರಡು ನಮೂನೆಯ ರಿಮೋಟ್ ಇದ್ದವು.

‘ಮಾಸ್ತರೇ, ಬಾಕ್ಸು ಬಂದ ರಟ್ಟಿನ ಪೆಟ್ಟಿಗೆ ಇಟ್ಟಿದ್ದೀರಾ?’

‘ಅಟ್ಟದ ಮೇಲೆ ಇರಬೇಕು ಮಾರಾಯ, ನಮ್ಮ ಮನೆಯಲ್ಲಿ ಯಾವುದನ್ನೂ ಬಿಸಾಡುವುದಿಲ್ಲ.’

ಇತ್ತು. ಒಳಗಿನ ಚೀಟಿಯಲ್ಲಿ ರಿಮೋಟಿನ ಚಿತ್ರವೂ ಇತ್ತು. ಇಂಥ ಚಿತ್ರದಲ್ಲಿ ನಾನು ಬಣ್ಣ, ಆಕಾರ ನೋಡುವುದಿಲ್ಲ. ಕೆಂಪು, ಹಸಿರು, ಹಳದಿ, ನೀಲಿ ಬಟನ್ನುಗಳು ಮೇಲಿವೆಯೋ ಕೆಳಗಿವೆಯೋ, ಮೆನು ಬಟನ್ ಓಕೆಯ ಎಡಕ್ಕಿದೆಯೋ ಬಲಕ್ಕಿದೆಯೋ, ಸೊನ್ನೆಯ ಅಕ್ಕಪಕ್ಕ ಏನಿದೆ, ಇಷ್ಟು ನೋಡುತ್ತೇನೆ. ಬಟನ್ನಿನ ಸಾಲು ಪೂರ್ತಿ ಕೂಡಿ ಬಂದರೆ ಸಂಕೇತವೂ ಅದೇ ಆಗಿರುವ ಸಂಭವ ಹೆಚ್ಚು, ಆದರೆ ಖಾತ್ರಿಯಲ್ಲ. ಎರಡೂ ರಿಮೋಟನ್ನು ಬಸ್ಸಿನಲ್ಲಿ ಕಳಿಸಿ, ಆಗದ್ದನ್ನು ವಾಪಸು ಕೊಡಿ ಎಂದೆ.

ಪವರ್ ಬಟನ್ ಕೆಲಸ ಮಾಡಿದ ಕೂಡಲೇ ‘ಆಯ್ತು’ ಎಂದು ಫೋನ್ ಇಡಲು ಬಿಡಬಾರದು. ವಿಡಿಯೊ ಕಾಲಿನಲ್ಲಿ ಅಂಕಿ, ಸೌಂಡ್, ಮೆನು, ಓಕೆ, ಎಕ್ಸಿಟ್ ಎಲ್ಲ ಒತ್ತಿಸಿದೆ. ಒಂದು ರಿಮೋಟಿನಲ್ಲಿ ಅಂಕಿಗಳು ಓಡಿದವು, ಮೆನು ಬರಲಿಲ್ಲ. ಮೆನು ಇಲ್ಲದಿದ್ದರೆ ಮುಂದೆ ಹೊಸ ಚಾನೆಲ್ ಹುಡುಕಿಸಲು ಆಗುವುದಿಲ್ಲ. ಚೀಟಿಯ ಚಿತ್ರಕ್ಕೆ ಹೊಂದಿದ್ದ ಇನ್ನೊಂದರಲ್ಲಿ ಎಲ್ಲವೂ ಸರಿ ಬಂತು.

ಯಾವ ರಿಮೋಟಿಗೂ ಬಾಕ್ಸು ಓಗೊಡದಿದ್ದರೆ ಮೊದಲು ರಿಮೋಟಿನ ತುದಿಯನ್ನು ಫೋನಿನ ಸೆಲ್ಫಿ ಕ್ಯಾಮೆರಾಕ್ಕೆ ಹಿಡಿದು ಬಟನ್ ಒತ್ತಿಸುತ್ತೇನೆ. ಹೆಚ್ಚಿನ ಫೋನುಗಳಲ್ಲಿ ನೇರಳೆ ಬಣ್ಣದ ಮಿಣುಕು ಕಾಣುತ್ತದೆ. ಕಂಡರೆ ರಿಮೋಟ್ ಬೆಳಕು ಬಿಡುತ್ತಿದೆ ಎಂದಷ್ಟೇ ಅರ್ಥ, ಸಂಕೇತ ಸರಿ ಎಂದಲ್ಲ. ಮಿಣುಕು ಇದೆ, ಬಾಕ್ಸಿನ ಮೈಮೇಲಿನ ಬಟನ್ನಿನಿಂದ ಚಾನೆಲ್ ಬದಲಾಗುತ್ತದೆ, ಸರಿಯಾದ ರಿಮೋಟಿಗೂ ಬಗ್ಗುವುದಿಲ್ಲ ಎಂದರೆ ಬಾಕ್ಸಿನ ಒಳಗೆ ರಿಮೋಟಿನ ಬೆಳಕು ಹಿಡಿಯುವ ಸೆನ್ಸರೇ ಹೋಗಿರುವ ಸಂಭವ ಹೆಚ್ಚು. ಸಿಡಿಲಿನ ದಿನಗಳಲ್ಲಿ ಇದನ್ನು ನೋಡುತ್ತಲೇ ಇರುತ್ತೇನೆ. ಸೆನ್ಸರ್ ಮೂರು ಕಾಲಿನ ಸಣ್ಣ ಬಿಡಿಭಾಗ, ಬೋರ್ಡು ಸರಿಯಿದ್ದರೆ ಬದಲಾಯಿಸಬಹುದು. ಅಂಥವರಿಗೆ ರಿಮೋಟ್ ಮಾರದೆ, ಬಾಕ್ಸನ್ನೇ ಅಂಗಡಿಗೆ ತನ್ನಿ ಎನ್ನುತ್ತೇನೆ.