ಋಣ ಸಹಸಂಬಂಧವಿದ್ದರೆ ಸಾಲದು: ಗುಣಲಬ್ಧ ಅಂದಾಜಕದೊಂದಿಗೆ ನನ್ನ ಅನುಭವ

ಸಮಷ್ಟಿಯ ಸರಾಸರಿಯನ್ನು ಅಂದಾಜು ಮಾಡುವಾಗ, ಸಹಾಯಕ ಚರವು ಅಧ್ಯಯನ ಚರದೊಂದಿಗೆ ಋಣ ಸಹಸಂಬಂಧ ಹೊಂದಿದ್ದರೆ ಗುಣಲಬ್ಧ ಅಂದಾಜಕವನ್ನು ಬಳಸಬೇಕೆಂದು ನಾನು ಬಹುಕಾಲ ನಂಬಿದ್ದೆ. ಎಂ. ಎನ್. ಮೂರ್ತಿಯವರು 1964ರಲ್ಲಿ ‘ಸಂಖ್ಯಾ’ ಪತ್ರಿಕೆಯಲ್ಲಿ ವಿವರಿಸಿದ ಈ ಅಂದಾಜಕದ ರೂಪ ಬಹಳ ಸರಳವಾಗಿದೆ:

```
ybar_p = ybar * xbar / Xbar
```

ಇಲ್ಲಿ `ybar`, `xbar` ಎಂಬವು ಮಾದರಿಯ ಸರಾಸರಿಗಳು. `Xbar` ನಮಗೆ ಮೊದಲೇ ತಿಳಿದಿರುವ, ಸಹಾಯಕ ಚರದ ಸಮಷ್ಟಿ ಸರಾಸರಿ. ಆ ನಂಬಿಕೆ ಎಲ್ಲಿ ತಪ್ಪುತ್ತದೆ ಎಂಬುದು ನನಗೆ ಅರ್ಥವಾದದ್ದು, R ತಂತ್ರಾಂಶದೊಂದಿಗೆ ಬರುವ `mtcars` ದತ್ತಾಂಶದ ಮೇಲೆ ಕೈಯಾರೆ ಲೆಕ್ಕ ಮಾಡಿದಾಗ.

ಅದರಲ್ಲಿ 1974ರ ಅಮೆರಿಕದ ಮೋಟಾರು ಪತ್ರಿಕೆಯೊಂದರಿಂದ ತೆಗೆದ 32 ಕಾರುಗಳ ವಿವರವಿದೆ. ಆ 32 ಕಾರುಗಳನ್ನೇ ಸಮಷ್ಟಿಯೆಂದು ಇಟ್ಟುಕೊಂಡು, ಒಂದು ಗ್ಯಾಲನ್‌ಗೆ ಓಡುವ ಮೈಲಿಗಳನ್ನು ಅಧ್ಯಯನ ಚರವಾಗಿಯೂ ಕಾರಿನ ತೂಕವನ್ನು ಸಹಾಯಕ ಚರವಾಗಿಯೂ ಆರಿಸಿಕೊಂಡೆ. ಮೈಲೇಜಿನ ನಿಜವಾದ ಸರಾಸರಿ 20.09, ತೂಕದೊಂದಿಗೆ ಅದರ ಸಹಸಂಬಂಧ −0.868. ಎಂಟು ಕಾರುಗಳ ಒಂದು ಮಾದರಿಯಲ್ಲಿ ಮೈಲೇಜಿನ ಸರಾಸರಿ 18.21 ಬಂತು, ಆದರೆ ತೂಕದ ಸರಾಸರಿ 3.554 (ಸಾವಿರ ಪೌಂಡುಗಳಲ್ಲಿ) ಇದ್ದು, ಸಮಷ್ಟಿಯ 3.217ಕ್ಕಿಂತ ಹೆಚ್ಚಾಗಿತ್ತು. ಭಾರವಾದ ಕಾರುಗಳು ಹೆಚ್ಚಾಗಿ ಸಿಕ್ಕಿದ್ದರಿಂದ ಮೈಲೇಜು ಕಡಿಮೆಯಾಗಿ ಕಂಡಿತ್ತು. ಎರಡೂ ತೂಕಗಳ ಅನುಪಾತ 1.105ರಿಂದ ಗುಣಿಸಿದಾಗ ಅಂದಾಜು 20.12ಕ್ಕೆ ಏರಿತು. ಅಭ್ಯಾಸಬಲದಿಂದ ಅನುಪಾತ ಅಂದಾಜಕವನ್ನು ಬಳಸಿ ಭಾಗಿಸಿದ್ದರೆ ಉತ್ತರ 16.49ಕ್ಕೆ ಇಳಿದು, ತಪ್ಪು ಇನ್ನಷ್ಟು ಬೆಳೆಯುತ್ತಿತ್ತು.

ಒಂದು ಮಾದರಿ ಏನನ್ನೂ ಸಾಧಿಸುವುದಿಲ್ಲವಾದ್ದರಿಂದ ಸೂತ್ರದಿಂದಲೂ ಪರಿಶೀಲಿಸಿದೆ. ಎಂಟು ಕಾರುಗಳ ಸರಳ ಯಾದೃಚ್ಛಿಕ ಮಾದರಿಯಲ್ಲಿ ಸಾಮಾನ್ಯ ಸರಾಸರಿಯ ವೇರಿಯನ್ಸ್ 3.41, ಗುಣಲಬ್ಧ ಅಂದಾಜಕದ ಸರಾಸರಿ ವರ್ಗ ದೋಷ, ಮೊದಲ ಹಂತದ ಸನ್ನಿಹಿತ ಸೂತ್ರದ ಪ್ರಕಾರ, 0.91 ಮಾತ್ರ.

ಇದರಿಂದ ಉತ್ತೇಜಿತನಾಗಿ ತೂಕದ ಬದಲು ಎಂಜಿನ್ನಿನ ಅಶ್ವಶಕ್ತಿಯನ್ನು ಸಹಾಯಕ ಚರವಾಗಿ ತೆಗೆದುಕೊಂಡೆ. ಅದರ ಸಹಸಂಬಂಧ −0.776, ಇದೂ ಬಲವಾದದ್ದೇ ಆದ್ದರಿಂದ ಒಳ್ಳೆಯ ಲಾಭವನ್ನೇ ನಿರೀಕ್ಷಿಸಿದ್ದೆ. ಆದರೆ ದೋಷ 3.41ರಿಂದ 3.44ಕ್ಕೆ ಏರಿತ್ತು. ಅಂದರೆ ಸಹಾಯಕ ಮಾಹಿತಿಯನ್ನು ಸಂಪೂರ್ಣವಾಗಿ ಕೈಬಿಟ್ಟಿದ್ದರೂ ನಷ್ಟವಿರಲಿಲ್ಲ. ಲೆಕ್ಕ ತಪ್ಪಿರಬೇಕೆಂದು ಎರಡು ಬಾರಿ ತಾಳೆ ನೋಡಿದೆ, ತಪ್ಪಿರಲಿಲ್ಲ.

ಕಾರಣ ಹೀಗಿದೆ. ಮಾದರಿಯ `xbar` ಶೇಕಡಾ 1ರಷ್ಟು ಹೆಚ್ಚಾದರೆ ಗುಣಲಬ್ಧ ಅಂದಾಜಕವು ಉತ್ತರವನ್ನು ಶೇಕಡಾ 1ರಷ್ಟೇ ಮೇಲೆತ್ತುತ್ತದೆ. ಆದರೆ `ybar` ನಿಜವಾಗಿ ಎಷ್ಟು ಕುಸಿದಿರುತ್ತದೆ ಎಂಬುದನ್ನು ಸಹಸಂಬಂಧವೊಂದೇ ನಿರ್ಧರಿಸುವುದಿಲ್ಲ. ಮಾನಕ ವಿಚಲನೆಯನ್ನು ಸರಾಸರಿಯಿಂದ ಭಾಗಿಸಿದಾಗ ಬರುವ ವಿಚಲನ ಗುಣಾಂಕಗಳೂ ಅದರಲ್ಲಿ ಸೇರುತ್ತವೆ. ಸಹಾಯಕ ಚರದ ಗುಣಾಂಕವನ್ನು `Cx`, ಅಧ್ಯಯನ ಚರದ್ದನ್ನು `Cy` ಎನ್ನೋಣ. ತೂಕ ಶೇಕಡಾ 1 ಹೆಚ್ಚಾದಾಗ ಮೈಲೇಜು ಸರಾಸರಿ ಶೇಕಡಾ 0.86 ಕುಸಿಯುತ್ತದೆ, ತಿದ್ದುಪಡಿ ಹೆಚ್ಚುಕಡಿಮೆ ಸರಿಹೊಂದುತ್ತದೆ. ಅಶ್ವಶಕ್ತಿಯ ವಿಚಲನ ಗುಣಾಂಕ 0.467, ಮೈಲೇಜಿನದು 0.300, ಹೀಗಾಗಿ ಅಲ್ಲಿನ ಕುಸಿತ ಶೇಕಡಾ 0.498 ಮಾತ್ರ. ಅರ್ಧದಷ್ಟು ಕುಸಿತಕ್ಕೆ ನಾವು ಪೂರ್ಣ ತಿದ್ದುಪಡಿ ಮಾಡಿದರೆ ಕೆಳಗಿದ್ದ ದೋಷ ಅಷ್ಟೇ ಪ್ರಮಾಣದಲ್ಲಿ ಮೇಲಕ್ಕೆ ಹೋಗುತ್ತದೆ. ಋಣ ಸಹಸಂಬಂಧದ ಪ್ರಮಾಣವು `Cx/(2*Cy)`ಗಿಂತ ಹೆಚ್ಚಿರಬೇಕೆಂಬ ನಿಯಮದ ತಿರುಳು ಇದೇ. ಅಶ್ವಶಕ್ತಿಗೆ ಆ ಮಿತಿ 0.779, ನಮ್ಮ 0.776 ಅದನ್ನು ಕೂದಲೆಳೆಯಷ್ಟರಲ್ಲಿ ಮುಟ್ಟಲಿಲ್ಲ.

ಅಶ್ವಶಕ್ತಿಯನ್ನು ಕೈಬಿಡಬೇಕಾಗಿಲ್ಲ ಎಂಬುದು ನನಗೆ ಇನ್ನೂ ಮುಖ್ಯವೆನಿಸಿತು. ತಿದ್ದುಪಡಿಯ ಬಲವನ್ನು ಅರ್ಧಕ್ಕೆ ಇಳಿಸಿದರೆ ಸಾಕು. 1991ರಲ್ಲಿ ಬಾಹ್ಲ್ ಮತ್ತು ಟುಟೇಜಾ ಸೂಚಿಸಿದ ಘಾತೀಯ ರೂಪ ಸರಿಸುಮಾರು ಅದನ್ನೇ ಮಾಡುತ್ತದೆ:

```r
mean(y) * exp((mean(x) - Xbar) / (mean(x) + Xbar))
```

ಇದರಿಂದ ಅಶ್ವಶಕ್ತಿಯ ಸಂದರ್ಭದಲ್ಲಿ ದೋಷ 1.35ಕ್ಕೆ ಇಳಿಯಿತು, ಹಿಂಚಲನ ಅಂದಾಜಕ ತಲುಪಬಹುದಾದ ಮಟ್ಟವೂ ಅದೇ. ಮೇಲಿನ ಮಾದರಿಯಲ್ಲೇ ಅಶ್ವಶಕ್ತಿಯ ಪೂರ್ಣ ಗುಣಲಬ್ಧ 20.94 ಕೊಟ್ಟರೆ ಘಾತೀಯ ರೂಪ 19.53 ಕೊಟ್ಟಿತು.

ಆದ್ದರಿಂದ ಈಗ ನಾನು ಬರಿಯ ಸಹಸಂಬಂಧ `rho`ವನ್ನು ನೋಡುವ ಮೊದಲು `-rho*Cy/Cx` ಎಷ್ಟಿದೆ ಎಂದು ನೋಡುತ್ತೇನೆ. ಅದು 1ರ ಹತ್ತಿರವಿದ್ದರೆ ಗುಣಲಬ್ಧ, 0.5ರ ಹತ್ತಿರವಿದ್ದರೆ ಘಾತೀಯ ರೂಪ. ಈ ಬೆಲೆಯನ್ನು ಎಂಟೇ ಘಟಕಗಳ ಮಾದರಿಯಿಂದ ಲೆಕ್ಕ ಹಾಕಿದರೆ ಅದು ಬಹಳ ಏರುಪೇರಾಗುವುದರಿಂದ, ಹಿಂದಿನ ಸಮೀಕ್ಷೆಯಿಂದಲೋ ಪ್ರಾಯೋಗಿಕ ಸಮೀಕ್ಷೆಯಿಂದಲೋ ಪಡೆಯುತ್ತೇನೆ.

ಪಕ್ಷಪಾತದ ವಿಷಯದಲ್ಲಿ ಗುಣಲಬ್ಧ ಅಂದಾಜಕಕ್ಕೆ ಒಂದು ಅನುಕೂಲವಿದೆ. ಅನುಪಾತ ಅಂದಾಜಕದ ಪಕ್ಷಪಾತಕ್ಕೆ ಸನ್ನಿಹಿತ ಸೂತ್ರವನ್ನೇ ನೆಚ್ಚಬೇಕಾದರೆ, ಇಲ್ಲಿ ಅದು ನಿಖರವಾಗಿ `(1-f)*Sxy/(n*Xbar)`. ಇದರಲ್ಲಿ `n` ಮಾದರಿಯ ಗಾತ್ರ, `f` ಸಮಷ್ಟಿಯಲ್ಲಿ ಮಾದರಿಯ ಪಾಲು, `Sxy` ಎರಡು ಚರಗಳ ಸಮಷ್ಟಿ ಸಹವಿಚಲನೆ. ತೂಕದ ಸಂದರ್ಭದಲ್ಲಿ −0.149. ಮಾದರಿಯ ಸಹವಿಚಲನೆ `sxy` ಬಳಸಿ ಇದೇ ಪದವನ್ನು ಲೆಕ್ಕ ಹಾಕಿ ಕಳೆದರೆ ಪಕ್ಷಪಾತರಹಿತ ಅಂದಾಜು ದೊರೆಯುತ್ತದೆ. ಮಾದರಿ ಚಿಕ್ಕದಿದ್ದಾಗ ನಾನು ಈ ಹಂತವನ್ನು ಬಿಡುವುದಿಲ್ಲ.