ಒಣಗಿದ್ದೆಲ್ಲ ಸೊರಗಲ್ಲ: ತೊಗರಿ, ಕಡಲೆ ಫೋಟೊ ವಿಂಗಡಿಸಿದ ನನ್ನ ಅನುಭವ

"ಫೋಟೊ ನೋಡಿ ಸೊರಗು ರೋಗ ಹೇಳ್ತೀಯಾ? ಗಿಡ ಕೀಳದೆ ಆಗಲ್ಲ ಮಾರಾಯಾ" ಎಂದು ಗೊಬ್ಬರದಂಗಡಿಯ ಗೆಳೆಯರು ನಕ್ಕಿದ್ದರು. ಶಿಕಾರಿಪುರದ ನಮ್ಮ ಹೊಲದ ತೊಗರಿಯಲ್ಲಿ ಈ ಸಲ ಹೇಳಿ ತೋರಿಸಿದೆ. ಅವರೇ ಈಗ ಫೋಟೊ ಕಳಿಸುತ್ತಾರೆ.

ಮೊದಲ ವರ್ಷ ಕಥೆ ಬೇರೆ. ಹುಡುಗರಿಗೆ ನಾಲ್ಕು ಸಾವಿರದಷ್ಟು ಕೂಲಿ ಕೊಟ್ಟು ಒಂಬೈನೂರು ಫೋಟೊ ತೆಗೆಸಿದೆ. ಎಲ್ಲವೂ ಮಟಮಟ ಮಧ್ಯಾಹ್ನದ್ದು, ಎಲ್ಲವೂ ಮೇಲಿಂದ ತೆಗೆದದ್ದು. ಸೊರಗು, ಕಾಯಿಕೊರಕ, ಮಾಗಿ ಒಣಗಿದ್ದು ಎಂದು ಮೂರು ಫೋಲ್ಡರ್ ಮಾಡಿದೆ. ತಿಂಗಳು ಬಿಟ್ಟು ಮತ್ತೆ ವಿಂಗಡಿಸಿದಾಗ ಕಾಲುಭಾಗ ಫೋಟೊಗಳು ನನ್ನ ಕೈಯಲ್ಲೇ ಬೇರೆ ಫೋಲ್ಡರ್‌ಗೆ ಹೋದವು! ಅಷ್ಟರಲ್ಲಿ ಮಾಗಿದ ತೊಗರಿಗೆ ಸೊರಗು ಎಂದುಕೊಂಡು ಬುಡಕ್ಕೆ ಔಷಧಿ ಸುರಿದಿದ್ದೆ. ಮೂರು ಸಾವಿರ ಮಣ್ಣಿಗೆ ಹೋಯಿತು.

ಈಗ ಒಂದು ಗಿಡಕ್ಕೆ ಮೂರು ಫೋಟೊ: ಅಕ್ಕಪಕ್ಕದ ಗಿಡ ಸಮೇತ ಇಡೀ ಗಿಡ, ಮೊಣಕಾಲೆತ್ತರದವರೆಗಿನ ಬುಡ, ಕಾಯಿ ಹತ್ತಿರದಿಂದ. ಕೆಂಪು ದಾರ ಕಟ್ಟಿ, ಎಂಟು ದಿನ ಬಿಟ್ಟು ಅದೇ ಗಿಡವನ್ನು ಮತ್ತೆ ತೆಗೆಯುತ್ತೇನೆ.

ಡಿಸೆಂಬರ್ ಕೊನೆಯಲ್ಲಿ ಬದುವಿನ ಪಕ್ಕ ಎರಡು ಗಿಡ ಒಣಗಿದ್ದವು. ಒಂದರಲ್ಲಿ ಒಂದು ಮಗ್ಗುಲು ಒಣಗಿತ್ತು, ಇನ್ನೊಂದು ಮಗ್ಗುಲು ಹಸಿರು. ಒಣಗಿದ ಎಲೆ ಉದುರದೆ ಜೋತಿತ್ತು. ಅದೇ ಮಗ್ಗುಲಿನ ಕಾಂಡದ ಮೇಲೆ ಬುಡದಿಂದ ನೇರಳೆ ಪಟ್ಟಿ ಏರಿತ್ತು. ಚಾಕುವಿನಿಂದ ಸಿಪ್ಪೆ ಕೆರೆದರೆ ಒಳಗೆ ಕಪ್ಪು ಗೆರೆಗಳು. ಸೊರಗೇ. ಇನ್ನೊಂದು ಗಿಡದ ಎಲೆಯೆಲ್ಲ ಕೆಳಗಿನಿಂದ ಹಳದಿಯಾಗಿ ಉದುರಿತ್ತು, ಕಾಯಿ ಕಂದಾಗಿತ್ತು, ಸಿಪ್ಪೆಯಡಿ ಬಿಳುಪು. ಬದುವಿನ ತೆಳು ಮಣ್ಣಿಗೆ ಬೇಗ ಮಾಗಿದೆ, ಅಷ್ಟೇ.

ಆದರೆ ಆ ಮಾಗಿದ ಗಿಡದ ಕಾಯಿಯಲ್ಲಿ ತೂತುಗಳಿದ್ದವು! ನನ್ನ ದೊಡ್ಡ ತಪ್ಪು ಇಲ್ಲೇ ತಿಳಿದಿದ್ದು. ಕಾಯಿಕೊರಕಕ್ಕೂ ಒಣಗುವುದಕ್ಕೂ ಒಂದೇ ಫೋಲ್ಡರ್ ಸಾಲಿನಲ್ಲಿ ಜಾಗ ಕೊಟ್ಟಿದ್ದೆ. ಗಿಡಕ್ಕೆ ಒಂದು ಗುರುತು, ಕಾಯಿಗೆ ಬೇರೆ ಗುರುತು ಎಂದು ಮಾಡಿದ ಮೇಲೆ ಜಗಳ ಮುಗಿಯಿತು. ಕಾಯಿಕೊರಕದ್ದು ದುಂಡಗಿನ ದೊಡ್ಡ ತೂತು. ಸೂಜಿಮೊನೆಯಷ್ಟು ಸಣ್ಣದಾದರೆ ಕಾಯಿನೊಣದ್ದಿರಬಹುದು. ಮಾಗಿ ಒಡೆದದ್ದಾದರೆ ಅಂಚಿನುದ್ದಕ್ಕೂ ಬಿರಿಯುತ್ತದೆ, ದುಂಡಗಿರಲ್ಲ. ಹೊಸ ತೂತೋ ಹಳೆಯದೋ ಎಂದು ಫೋಟೊದಲ್ಲೇ ತಿಳಿಯಲು ನಾನು ಬೆಳಕು ಹಿಡಿಯುವ ಕೋನ ಒಂದಿದೆ. ಅದು ಸದ್ಯಕ್ಕೆ ನನ್ನ ಬಳಿಯೇ ಇರಲಿ.

ನಡುವೆ ಸುಮ್ನೆ ಹೆಂಡತಿಯ ಹಳೇ ನೀಲಿ ಸೀರೆಯನ್ನು ಹಿಂದೆ ಹಿಡಿದು ನೋಡಿದೆ. ಕಾಯಿಗೆ ಚೆನ್ನಾಗಿ ಬಂತು. ಬುಡಕ್ಕೆ ಮಾತ್ರ ನೇರಳೆ ಪಟ್ಟಿಯೇ ಮಂಕಾಯಿತು. ಬೈಗುಳ ಬೇರೆ ಜಾಸ್ತಿ ಸಿಕ್ಕಿತು.

ಕಡಲೆಯಲ್ಲಿ ಮಾತ್ರ ಗೆಳೆಯರ ಮಾತೇ ಗೆದ್ದಿತು. ಗದ್ದೆ ಕೊಯ್ದ ಮೇಲೆ ಬಿತ್ತಿದ್ದರಲ್ಲಿ ಸೊರಗಿಗೂ ಒಣ ಬೇರುಕೊಳೆಗೂ ಮೇಲಿನಿಂದ ವ್ಯತ್ಯಾಸ ಕಾಣಲಿಲ್ಲ. ಕೀಳಲೇಬೇಕು. ಸೀಳಿದ ಬೇರಿನ ನಡುವೆ ಕಪ್ಪು ಗೆರೆ ಇದ್ದರೆ ಸೊರಗು. ಬೇರು ಕಡ್ಡಿಯಂತೆ ಪಟ್ಟನೆ ಮುರಿದು, ಸಣ್ಣ ಬೇರುಗಳು ಮಣ್ಣಿನಲ್ಲೇ ಉಳಿದರೆ ಬೇರುಕೊಳೆ.