ಗೀಸರ್ ಪ್ಲಗ್ ಮುಟ್ಟಿ ನೋಡಿ, ಎಂಸಿಬಿ ನಂಬ್ಕೊಂಡು ಕೂರ್ಬೇಡಿ

ಚಿಕ್ಕಮಗಳೂರು, ಹಾಸನದ ಕಡೆ ಏಸಿ ಇರೋ ಮನೆ ಕಮ್ಮಿ, ಆದ್ರೆ ಗೀಸರ್ ಇಲ್ಲದ ಮನೆ ಹುಡುಕಬೇಕು. ಜೂನ್‌ನಲ್ಲಿ ಮಳೆ ಹಿಡಿತು ಅಂದ್ರೆ ಸೋಲಾರ್ ಇದ್ದವರೂ ಗೀಸರ್ ಸ್ವಿಚ್ಚೇ ಒತ್ತೋದು, ಬೆಳಗ್ಗೆ ಐದೂವರೆಗೆ ಶುರುವಾದ್ರೆ ಕೊನೆಯವರ ಸ್ನಾನ ಮುಗಿಯೋವರೆಗೂ ಅದು ಓಡ್ತಾನೇ ಇರತ್ತೆ. ಬೆಂಕಿ ಬಿದ್ದಾಗ ಎಲ್ರೂ ಶಾರ್ಟ್ ಸರ್ಕ್ಯೂಟ್ ಅಂತಾರೆ, ಸರಿ, ಆದ್ರೆ ಎಷ್ಟೋ ಸಲ ಶಾರ್ಟ್ ಆಗೋಕೆ ತಿಂಗಳುಗಟ್ಟಲೆ ಮೊದಲೇ ಪ್ಲಗ್ಗು ಸಾಕೆಟ್ಟು ಸೇರೋ ಜಾಗದಲ್ಲಿ ಲೂಸ್ ಕನೆಕ್ಷನ್ ಆಗಿ ಅಲ್ಲೇ ಬೇಯ್ತಾ ಇರತ್ತೆ. ಅದನ್ನ ಮನೆಯವರೇ ಕಂಡುಹಿಡೀಬಹುದು.

ಹಾಸನದ ಸಾಲಗಾಮೆ ರಸ್ತೆ ಕಡೆ ಒಂದು ಬಾಡಿಗೆ ಮನೆ, 2000 ವ್ಯಾಟ್‌ನ ಸ್ಟೋರೇಜ್ ಗೀಸರ್. ಆ ಮನೆ ಅಮ್ಮ ಒಂದಷ್ಟು ದಿನದಿಂದ "ಬಚ್ಚಲಮನೆ ಹತ್ರ ಮೀನು ವಾಸನೆ ಬರತ್ತೆ, ನಾವು ಮೀನೇ ತರಲ್ವಲ್ಲ" ಅಂತಿದ್ರಂತೆ, ಇಲಿ ಸತ್ತಿರಬೇಕು ಅಂತ ಅಟ್ಟ ಎಲ್ಲ ಹುಡುಕಿದ್ದಾರೆ. ಎಲೆಕ್ಟ್ರಿಷಿಯನ್ ಬಂದು ಪ್ಲಗ್ ಎಳೆದ್ರೆ ಅದು ಸುಲಭಕ್ಕೆ ಬರಲೇ ಇಲ್ಲ, ಒಂದು ಪಿನ್ ಪ್ಲಾಸ್ಟಿಕ್‌ಗೆ ಅಂಟ್ಕೊಂಡಿತ್ತು. ಸಾಕೆಟ್‌ನ ಮೂರು ತೂತಲ್ಲಿ ಒಂದರ ಸುತ್ತ ಮಾತ್ರ ಕಾಫಿ ಕಲೆ ಥರ ಕಂದು ಬಣ್ಣ, ಉಳಿದೆರಡು ಹೊಸದರ ಹಾಗೇ ಇದ್ವು. ಸ್ವಿಚ್ ಬೋರ್ಡ್‌ನ ಪ್ಲಾಸ್ಟಿಕ್ ಕಾದ್ರೆ ಕೆಲವು ಸಲ ಹೀಗೇ ಹಳಸಿದ ಮೀನಿನ ವಾಸನೆ ಹೊಡೆಯತ್ತೆ, ಹೊಗೆ ಕಾಣೋದು ಆಮೇಲೆ.

ಎಂಸಿಬಿ ಯಾಕೆ ಬೀಳಲಿಲ್ಲ ಅಂತ ಅವರ ಪ್ರಶ್ನೆ, ಎಲ್ಲರದ್ದೂ ಇದೇ ಪ್ರಶ್ನೆ. ಲೆಕ್ಕ ನೋಡಿ. 2000 ವ್ಯಾಟ್ ಗೀಸರ್ 230 ವೋಲ್ಟ್‌ನಲ್ಲಿ ಹೆಚ್ಚು ಕಮ್ಮಿ 8.7 ಆಂಪ್ಸ್ ಎಳೆಯತ್ತೆ. ಪಿನ್ ಸರಿಯಾಗಿ ಕಚ್ಕೊಳ್ಳದೆ ಆ ಜಾಗದಲ್ಲಿ ಬರೀ ಅರ್ಧ ಓಮ್ ರೆಸಿಸ್ಟೆನ್ಸ್ ಬಂತು ಅಂದ್ಕೊಳ್ಳಿ, ಅಲ್ಲೇ ಸುಮಾರು 38 ವ್ಯಾಟ್ ಶಾಖ ಹುಟ್ಟತ್ತೆ. ರೇಡಿಯೋ ರಿಪೇರಿಯವರ ಸಾಲ್ಡರಿಂಗ್ ಐರನ್ 25 ವ್ಯಾಟ್‌ದು, ಅದಕ್ಕಿಂತ ಜಾಸ್ತಿ ಬಿಸಿನ ಸಾಕೆಟ್ ಒಳಗಿಟ್ಟು ಮುಚ್ಚಿದ ಹಾಗಾಯ್ತು. ಆದ್ರೆ ಒಟ್ಟು ಕರೆಂಟ್ ಜಾಸ್ತಿ ಆಗಿರಲ್ಲ, ನಿಜ ಹೇಳ್ಬೇಕಂದ್ರೆ ಒಂಚೂರು ಕಮ್ಮೀನೇ ಆಗಿರತ್ತೆ. ಎಂಸಿಬಿ ನೋಡೋದು ಓವರ್‌ಲೋಡು ಶಾರ್ಟು ಎರಡೇ, ಆರ್‌ಸಿಸಿಬಿ ನೋಡೋದು ಅರ್ತ್‌ಗೆ ಲೀಕ್ ಆಗೋ ಕರೆಂಟ್ ಮಾತ್ರ, ಲೂಸ್ ಕನೆಕ್ಷನ್ ಇಬ್ಬರ ಕಣ್ಣಿಗೂ ಬೀಳಲ್ಲ. ಹಾಗಂತ ಅವೆರಡನ್ನ ತೆಗೀಬೇಡಿ, ಶಾಕ್ ಹೊಡೆದಾಗ ಜೀವ ಉಳಿಸೋದು ಆ 30 ಮಿಲಿಆಂಪ್‌ನ ಆರ್‌ಸಿಸಿಬೀನೇ.

ಇದು ತನ್ನಷ್ಟಕ್ಕೇ ಸರಿಹೋಗೋ ಕಾಯಿಲೆ ಅಲ್ಲ. ಸಾಕೆಟ್ ಒಳಗಿನ ಹಿತ್ತಾಳೆ ಪಟ್ಟಿ ಕಾದು ಕಾದು ಬಿಗಿ ಕಳ್ಕೊಳ್ಳತ್ತೆ, ನಮ್ಮ ಮಳೆಗಾಲದ ಥಂಡಿಗೆ ಬಚ್ಚಲ ಹಬೆನೂ ಸೇರಿ ತಾಮ್ರಕ್ಕೆ ಕಿಲುಬು ಹಿಡಿಯತ್ತೆ, ಹಿಡಿತ ತಪ್ಪಿದಷ್ಟೂ ಶಾಖ, ಶಾಖ ಆದಷ್ಟೂ ಹಿಡಿತ ತಪ್ಪತ್ತೆ.

ಈಗ ನೋಡೋದು ಹೇಗೆ. ಗೀಸರ್ ಹಾಕಿ ಹದಿನೈದು ಇಪ್ಪತ್ತು ನಿಮಿಷ ಓಡಲಿ, ಇಂಡಿಕೇಟರ್ ದೀಪ ಉರೀತಿರಬೇಕು, ಥರ್ಮೋಸ್ಟಾಟ್ ಕಟ್ ಆಗಿದ್ರೆ ಏನೂ ಗೊತ್ತಾಗಲ್ಲ. ಬೋರ್ಡ್ ಹತ್ರ ಕಿವಿ ಕೊಟ್ಟು ಕೇಳಿ, ಜುಯ್ ಅಂತಲೋ ಚಿಟಚಿಟ ಅಂತಲೋ ಸದ್ದು ಬಂದ್ರೆ ಅಲ್ಲಿಗೇ ನಿಲ್ಸಿ. ಸದ್ದಿಲ್ಲ ಅಂದ್ರೆ ಸ್ವಿಚ್ ಆಫ್ ಮಾಡಿ, ಎಂಸಿಬಿನೂ ಇಳಿಸಿ, ಒಣಗಿದ ಕೈಯಲ್ಲಿ ತಕ್ಷಣ ಪ್ಲಗ್ ಎಳೀರಿ, ವೈರ್ ಹಿಡಿದು ಅಲ್ಲ, ಪ್ಲಗ್ಗನ್ನೇ ಹಿಡಿದು. ಪಿನ್ ಹತ್ರ ಮೊದಲು ಕೈ ಹಿಂಬದಿ ತಂದು ನೋಡಿ, ಸುಡ್ತಿಲ್ಲ ಅಂದ್ರೆ ಮುಟ್ಟಿ. ಉಗುರು ಬೆಚ್ಚಗಿದ್ರೆ ಪರವಾಗಿಲ್ಲ, ಹಿಡ್ಕೊಳ್ಳಕ್ಕೆ ಆಗಲ್ಲ ಅನ್ನೋಷ್ಟು ಬಿಸಿ ಇದ್ರೆ, ಅಥವಾ ಎರಡು ಸಣ್ಣ ಪಿನ್‌ಗಳಲ್ಲಿ ಒಂದು ಮಾತ್ರ ಬಿಸಿ ಇದ್ದು ಇನ್ನೊಂದು ತಣ್ಣಗಿದ್ರೆ, ಆ ಬಿಸಿ ಪಿನ್ ಕಡೆಯೇ ಲೂಸ್ ಇರೋದು. ಪಿನ್ ಕಪ್ಪಗಾಗಿರೋದು, ವೈರ್ ಹೊರಬರೋ ಕಡೆ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿರೋದು, ಪ್ಲಗ್ ಹಾಕಿದ್ರೆ ಲೊಡಲೊಡ ಅಲ್ಲಾಡೋದು, ಎಲ್ಲ ಅದೇ ಲೂಸ್ ಕನೆಕ್ಷನ್‌ನ ಗುರುತು.

ರಿಪೇರಿ ಎಲೆಕ್ಟ್ರಿಷಿಯನ್‌ಗೇ ಬಿಡಿ, ಆದ್ರೆ ಪಕ್ಕದಲ್ಲಿ ನಿಂತ್ಕೊಂಡು ನೋಡಿ. ಮರಳು ಕಾಗದದಲ್ಲಿ ಪಿನ್ ಉಜ್ಜಿ ಅದೇ ಸಾಕೆಟ್‌ಗೆ ಚುಚ್ಚಿ ಹೋದ್ರೆ ಒಪ್ಪಬೇಡಿ. ಪ್ಲಗ್ಗೂ ಸಾಕೆಟ್ಟೂ ಎರಡೂ ಹೊಸದಾಗಬೇಕು, ಒಂದನ್ನೇ ಬದಲಾಯಿಸಿದ್ರೆ ಹಳೇದು ಹೊಸದನ್ನೂ ಸುಡತ್ತೆ. ಸುಟ್ಟ ವೈರ್ ತುದಿನ ತಾಮ್ರ ಹೊಳೆಯೋವರೆಗೂ ಹಿಂದಕ್ಕೆ ಕತ್ತರಿಸಬೇಕು, ಎಳೆಗಳನ್ನ ಹೊರಗೆ ಬಿಡದೆ ಹೊಸೆದು ಸ್ಕ್ರೂ ಬಿಗಿಯಾಗಿ ಕೂರಿಸಬೇಕು. ಗೀಸರ್‌ಗೆ 16 ಆಂಪ್ಸ್ ಪಾಯಿಂಟೇ ಬೇಕು, 3 ಲೀಟರ್ ಇನ್‌ಸ್ಟಂಟ್ ಗೀಸರ್ ಅಂತೂ ಸಾಮಾನ್ಯವಾಗಿ 3000 ವ್ಯಾಟ್, 13 ಆಂಪ್ಸ್ ಎಳೆಯತ್ತೆ, ಅದಕ್ಕೆ ಕನ್ವರ್ಟರ್ ಪ್ಲಗ್ ಹಾಕಿ ಸಣ್ಣ ಸಾಕೆಟ್‌ಗೆ ಸಿಕ್ಕಿಸೋದನ್ನ ನೋಡಿದ್ರೆ ನಂಗಂತೂ ಮೈ ಉರಿಯತ್ತೆ. ಬಾಡಿಗೆದಾರರು ಓನರ್‌ಗೆ ಫೋಟೋ ಕಳಿಸಿ, ಕಂದು ಬಿದ್ದ ಸಾಕೆಟ್ ಫೋಟೋ ನೋಡಿದ್ರೆ ಎಂಥ ಓನರೂ ಒಂದು ಸಾಕೆಟ್‌ಗೆ ಇಲ್ಲ ಅನ್ನಲ್ಲ.

ಗೀಸರ್ ಒಳಗೂ ಒಂದು ವಿಷ್ಯ. ಥರ್ಮೋಸ್ಟಾಟ್ ಕೈಕೊಟ್ರೆ ಕಾಪಾಡಕ್ಕೆ ಅಂತ ಥರ್ಮಲ್ ಕಟ್‌ಔಟ್ ಇರತ್ತೆ. ಅದು ಪದೇ ಪದೇ ಬೀಳ್ತಿದೆ ಅಂತ ಡೈರೆಕ್ಟ್ ಕೊಟ್ಟು ಹೋಗೋರು ಇದ್ದಾರೆ, ಹಾಗೆ ಮಾಡಿದ್ರೆ ನೀರು ಕುದಿದ್ರೂ ಕಟ್ ಮಾಡೋರೇ ಇರಲ್ಲ, ಬೆಂಕಿ ಜೊತೆ ಟ್ಯಾಂಕ್ ಸಿಡಿಯೋ ಭಯನೂ ಸೇರತ್ತೆ. ಬೋರ್‌ವೆಲ್ ನೀರಾದ್ರೆ ಕಾಯಿಲ್‌ಗೆ ಬಿಳಿ ಸುಣ್ಣ ಕಟ್ಟತ್ತೆ, ನೀರು ಕಾಯಕ್ಕೆ ಮೊದಲಿಗಿಂತ ಜಾಸ್ತಿ ಹೊತ್ತು ಹಿಡಿದ್ರೆ, ಗುಡುಗುಡು ಸದ್ದು ಬಂದ್ರೆ ಸರ್ವಿಸ್‌ಗೆ ಹೇಳಿ.

ಫ್ರಿಜ್ ಎಳೆಯೋ ಕರೆಂಟ್ ಕಮ್ಮಿ, ಆದ್ರೆ ಅದು ಹಗಲು ರಾತ್ರಿ ನಿಲ್ಲಲ್ಲ, ಹಾಗಾಗಿ ಟಿವಿ, ಮಿಕ್ಸಿ ಜೊತೆ ಒಂದೇ ಎಕ್ಸ್‌ಟೆನ್ಶನ್ ಬಾಕ್ಸ್‌ಗೆ ಹಾಕ್ಬೇಡಿ. ಮಲೆನಾಡಲ್ಲಿ ಫ್ರಿಜ್ ಹಿಂದೆ ಇಲಿ ಸೇರೋದು ಮಾಮೂಲಿ, ಬೆಚ್ಚಗಿರತ್ತಲ್ಲ, ವರ್ಷಕ್ಕೆರಡು ಸಲ ಪ್ಲಗ್ ತೆಗೆದು ಮುಂದಕ್ಕೆಳೆದು ಧೂಳು ತೆಗೀರಿ, ವೈರ್ ಕಡಿದಿದ್ಯಾ ನೋಡಿ. ಗಾಳಿ ಮಳೆಗೆ ಕರೆಂಟ್ ಹೋಗಿ ಬಂದು ಆಟ ಆಡ್ತಿದ್ರೆ ಆಫ್ ಮಾಡಿ, ಬಂದು ಐದು ನಿಮಿಷ ನಿಂತ ಮೇಲೆ ಹಾಕಿ. ಕಂಪ್ರೆಸರ್ ಕ್ಲಿಕ್ ಅಂದು, ಶುರುವಾಗದೆ, ಮತ್ತೆ ಕ್ಲಿಕ್ ಅಂತಿದ್ರೆ ರಿಲೇ ಹೋಗಿರಬಹುದು, ಪ್ಲಗ್ ತೆಗೆದು ಮೆಕ್ಯಾನಿಕ್ ಕರೀರಿ.

ಏಸಿ ಇರೋರು ಮಾರ್ಚ್‌ನಲ್ಲಿ ಮೊದಲ ಸಲ ಹಾಕೋ ಮುಂಚೆ ಸರ್ವಿಸ್‌ನವರಿಂದ ಔಟ್‌ಡೋರ್ ಯೂನಿಟ್‌ನ ಟರ್ಮಿನಲ್ ಸ್ಕ್ರೂ ಬಿಗಿ ಮಾಡ್ಸಿ, ತಿಂಗಳುಗಟ್ಟಲೆ ಮಳೇಲಿ ನೆಂದು ನಿಂತಿರತ್ತೆ ಅದು.

ಹೊಗೆ ಬಂದೇ ಬಿಡ್ತು ಅಂದ್ರೆ ಪ್ಲಗ್ ಮುಟ್ಟಕ್ಕೆ ಹೋಗ್ಬೇಡಿ, ನೀರಂತೂ ಎರಚಲೇಬೇಡಿ, ಮೇನ್ ಇಳಿಸಿ. ಬೆಂಕಿ ಬೋರ್ಡ್‌ನಷ್ಟೇ ಇದ್ದು, ನಿಮ್ಮ ಬೆನ್ನ ಹಿಂದೆ ಬಾಗಿಲು ಇದ್ರೆ ಬೆಂಕಿ ಆರಿಸೋ ಎಬಿಸಿ ಪೌಡರ್ ಸಿಲಿಂಡರ್ ಹೊಡೀರಿ, ಇಲ್ಲಾಂದ್ರೆ ಎಲ್ರನ್ನೂ ಹೊರಗೆ ಕರ್ಕೊಂಡು ಬಾಗಿಲು ಎಳ್ಕೊಂಡು ಬಂದು 112ಕ್ಕೆ ಫೋನ್ ಮಾಡಿ. ಮೇನೇ ಸಿಗದ ಜಾಗದಲ್ಲಿದ್ರೆ ಲೈನ್ ಕಟ್ ಮಾಡ್ಸಕ್ಕೆ 1912, ಹಾಸನದಲ್ಲಿ ಸೆಸ್ಕ್‌ನವರು, ಚಿಕ್ಕಮಗಳೂರಲ್ಲಿ ಮೆಸ್ಕಾಂನವರು. ಬೆಂಕಿ ಆರಿದ ಮೇಲೂ ನೋಡೋಣ ಅಂತ ಎಂಸಿಬಿ ಎತ್ತಬೇಡಿ, ಗೋಡೆ ಪೈಪ್ ಒಳಗೆ ವೈರ್ ಎಲ್ಲೀವರೆಗೂ ಬೆಂದಿದೆ ಅಂತ ಎಲೆಕ್ಟ್ರಿಷಿಯನ್ ಎಳೆದು ನೋಡೋವರೆಗೂ ಆ ಲೈನ್ ಆಫ್ ಇರಲಿ.